ಒಂದು ವರ್ಷ ಹೆಚ್ಚುಕಡಿಮೆಯಾದರೆ ಅಂಕ ಎಷ್ಟು?

ಬಕ್ಸಾರ್ ಕದನ ನಡೆದ ವರ್ಷ ಯಾವುದು ಎಂಬ ಒಂದು ಅಂಕದ ಪ್ರಶ್ನೆಗೆ ವಿದ್ಯಾರ್ಥಿ 1765 ಎಂದು ಬರೆದಿದ್ದಾನೆ. ಸರಿಯುತ್ತರ 1764. ಒಂದೇ ವರ್ಷ ತಪ್ಪಿದೆ, ಅರ್ಧ ಅಂಕವನ್ನಾದರೂ ಕೊಡೋಣ ಎಂದು ಉತ್ತರ ಪತ್ರಿಕೆ ತಿದ್ದುವ ಮೇಷ್ಟ್ರಿಗೆ ಅನಿಸುವುದು ಸಹಜ. ಆದರೆ 1765ಕ್ಕೆ ಅದರದೇ ಘಟನೆಯಿದೆ. ಬಕ್ಸಾರ್‌ನಲ್ಲಿ ಗೆದ್ದ ಈಸ್ಟ್ ಇಂಡಿಯಾ ಕಂಪನಿ ಅಲಹಾಬಾದ್ ಒಪ್ಪಂದದಿಂದ ಬಂಗಾಳದ ದಿವಾನಿ ಹಕ್ಕು ಪಡೆದದ್ದು ಆ ವರ್ಷ. ಯುದ್ಧ ಕಾರಣ, ದಿವಾನಿ ಅದರ ಫಲ. 1765ಕ್ಕೆ ಅಂಕ ಕೊಟ್ಟರೆ ಎರಡನ್ನೂ ಬೇರೆಬೇರೆಯಾಗಿ ಓದಿಕೊಂಡು ಬಂದ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ.

ಹತ್ತಿರದ ಉತ್ತರ ಎಂಬುದನ್ನು ಕಳೆಯುವ ಲೆಕ್ಕದಿಂದ ಅಳೆಯಲಾಗದು. 1764ನ್ನು ಅವಸರದಲ್ಲಿ 1746 ಎಂದು ಬರೆದವನಿಗೆ ಬಹುಶಃ ವರ್ಷ ಗೊತ್ತಿತ್ತು, ಅಂಕಿ ಅದಲುಬದಲಾಯಿತು. ಆದರೂ ಉತ್ತರ ಹದಿನೆಂಟು ವರ್ಷ ದೂರ ಸರಿಯಿತು. 1765 ಬರೆದವನು ಬರೀ ಊಹಿಸಿರಬಹುದು. ಒಂದು ವರ್ಷಕ್ಕೆ ವಿನಾಯಿತಿ ಕೊಟ್ಟರೆ ಎರಡು ವರ್ಷಕ್ಕೆ ಏಕೆ ಇಲ್ಲ ಎಂಬ ಪ್ರಶ್ನೆಗೂ ಉತ್ತರ ಸಿಗದು. ಹಾಗಾಗಿ ವರ್ಷವನ್ನೇ ಕೇಳಿರುವ ಒಂದು ಅಂಕದ ಪ್ರಶ್ನೆಯಲ್ಲಿ ತಪ್ಪು ವರ್ಷಕ್ಕೆ ಸೊನ್ನೆಯೇ ಸರಿ.

ಆದರೆ ಕೆಲವು ಕಡೆ ಎರಡು ವರ್ಷಗಳೂ ಸರಿಯಾಗಿರುತ್ತವೆ. ಎರಡನೇ ಪುಲಕೇಶಿಯ ಐಹೊಳೆ ಶಾಸನದ ಕಾಲ ಶಕ 556. ಶಕ ವರ್ಷ ಚೈತ್ರದಲ್ಲಿ ಆರಂಭವಾಗುವುದರಿಂದ ಅದು ಕ್ರಿಸ್ತಶಕದ ಎರಡು ವರ್ಷಗಳಲ್ಲಿ ಹಂಚಿಕೊಳ್ಳುತ್ತದೆ. ಅದಕ್ಕೇ ಪುಸ್ತಕಗಳು 634-35 ಎಂದು ಬರೆಯುತ್ತವೆ. ಇಲ್ಲಿ 634 ಎಂದವನಿಗೂ 635 ಎಂದವನಿಗೂ ಪೂರ್ಣ ಅಂಕ ಸಲ್ಲಬೇಕು. ಹಲ್ಮಿಡಿ ಶಾಸನದ ಕಾಲ ಸುಮಾರು 450. ಆ 'ಸುಮಾರು' ಪಠ್ಯದಲ್ಲೇ ಇರುವಾಗ ಐದನೇ ಶತಮಾನ ಎಂದು ಬರೆದವನನ್ನು ತಪ್ಪೆನ್ನುವಂತಿಲ್ಲ. ಇದು ದಯೆಯ ಮಾತಲ್ಲ, ಆಧಾರವೇ ಅಷ್ಟು ಸಡಿಲವಾಗಿದೆ.

ಹೊಂದಿಸಿ ಬರೆಯುವ ಪ್ರಶ್ನೆಯ ತೊಡಕು ಬೇರೆ. ಐದು ಘಟನೆ, ಐದು ವರ್ಷ ಕೊಟ್ಟಿದ್ದಾರೆ ಎಂದುಕೊಳ್ಳಿ. ವಿದ್ಯಾರ್ಥಿ ಮಂಗಳೂರು ಒಪ್ಪಂದವನ್ನು 1792ಕ್ಕೂ ಶ್ರೀರಂಗಪಟ್ಟಣ ಒಪ್ಪಂದವನ್ನು 1784ಕ್ಕೂ ಜೋಡಿಸುತ್ತಾನೆ. ಗೊಂದಲ ಒಂದೇ, ಹೋದದ್ದು ಎರಡು ಅಂಕ. ಎರಡೂ ಪಟ್ಟಿ ಸಮವಾಗಿದ್ದು ಒಂದು ವರ್ಷವನ್ನು ಒಮ್ಮೆ ಮಾತ್ರ ಬಳಸಿದರೆ ಐದಕ್ಕೆ ನಾಲ್ಕು ಬರಲು ಸಾಧ್ಯವೇ ಇಲ್ಲ. ನಾಲ್ಕು ಗೊತ್ತಿದ್ದವನಿಗೆ ಐದನೆಯದು ಪುಕ್ಕಟೆ ಸಿಗುತ್ತದೆ. ಇದಕ್ಕೆ ಮದ್ದು ತಿದ್ದುವವರ ಕೈಯಲ್ಲಿಲ್ಲ, ಪ್ರಶ್ನೆ ತಯಾರಿಸುವವರ ಕೈಯಲ್ಲಿದೆ. ವರ್ಷಗಳ ಪಟ್ಟಿಯಲ್ಲಿ ಒಂದೆರಡು ಹೆಚ್ಚಿಗೆ ಇಟ್ಟರೆ ಒಂದು ತಪ್ಪಿಗೆ ಒಂದೇ ಅಂಕ ಹೋಗುವ ದಾರಿ ತೆರೆಯುತ್ತದೆ. ಸರಿಯಾದ ವರ್ಷ ಕಣ್ಣೆದುರೇ ಇರುವುದರಿಂದ ಹತ್ತಿರದ್ದನ್ನು ಆರಿಸಿದ್ದಕ್ಕೆ ಅಂಕದ ಮಾತೇ ಬರುವುದಿಲ್ಲ.

ನಿಜವಾಗಿ ಅಂಕ ಕಳೆದುಹೋಗುವುದು ಕಾಲಾನುಕ್ರಮದ ಪ್ರಶ್ನೆಯಲ್ಲಿ. ಬಕ್ಸಾರ್ ಕದನ (1764), ಮಂಗಳೂರು ಒಪ್ಪಂದ (1784), ಶ್ರೀರಂಗಪಟ್ಟಣ ಒಪ್ಪಂದ (1792), ಕಿತ್ತೂರು ಬಂಡಾಯ (1824), ಮೈಸೂರಿನ ಆಡಳಿತ ಬ್ರಿಟಿಷರ ಕೈಗೆ ಹೋದದ್ದು (1831), ಇದು ಸರಿಯಾದ ಕ್ರಮ. ಒಬ್ಬ ವಿದ್ಯಾರ್ಥಿ ಕಿತ್ತೂರನ್ನು ಮೊದಲಿಗೆ ಬರೆದು ಉಳಿದ ನಾಲ್ಕನ್ನೂ ಸರಿಯಾದ ಕ್ರಮದಲ್ಲೇ ಇಡುತ್ತಾನೆ. ಸ್ಥಾನ ನೋಡಿ ತಿದ್ದಿದರೆ ಅವನಿಗೆ ಒಂದೇ ಅಂಕ, ಏಕೆಂದರೆ ತನ್ನ ಜಾಗದಲ್ಲಿರುವುದು ಕೊನೆಯದು ಮಾತ್ರ. ಆದರೆ ಅವನು ತಪ್ಪಿದ್ದು ಒಂದು ಘಟನೆಯಲ್ಲಿ. ಇಲ್ಲಿ ನೋಡಬೇಕಾದದ್ದು ಯಾವುದರ ನಂತರ ಯಾವುದು ಎಂಬುದನ್ನು. ಕ್ರಮ ತಪ್ಪದೆ ಸಾಲಾಗಿ ಬರುವ ಘಟನೆಗಳು ಹೆಚ್ಚೆಂದರೆ ಎಷ್ಟಿವೆ ಎಂದು ಎಣಿಸಬೇಕು, ನಡುವೆ ನುಸುಳಿದ ತಪ್ಪನ್ನು ಬಿಟ್ಟು. ಐದೂ ಇದ್ದರೆ ಐದು ಅಂಕ, ನಾಲ್ಕಿದ್ದರೆ ಮೂರು, ಮೂರಿದ್ದರೆ ಒಂದು, ಅದಕ್ಕಿಂತ ಕಡಿಮೆಯಾದರೆ ಸೊನ್ನೆ ಎಂಬುದು ನನ್ನ ಸಲಹೆ. ಕಣ್ಣುಮುಚ್ಚಿ ಬರೆದರೂ ಎರಡು ಮೂರು ಘಟನೆಗಳು ಕ್ರಮದಲ್ಲಿ ಬಿದ್ದುಬಿಡುವುದರಿಂದ ಕೆಳಗಿನ ಹಂತದಲ್ಲಿ ಇಷ್ಟು ಬಿಗಿ ಬೇಕು.

ಹತ್ತಿರದ ವರ್ಷಕ್ಕೆ ಬೆಲೆ ಸಿಗಬೇಕಾದದ್ದು ಈ ಪ್ರಶ್ನೆಯಲ್ಲೇ. ಮಂಗಳೂರು ಒಪ್ಪಂದದ ಮುಂದೆ 1783 ಎಂದು ಬರೆದರೂ ಕ್ರಮ ಕೆಡದಿದ್ದರೆ ಕ್ರಮದ ಅಂಕವನ್ನು ಕತ್ತರಿಸಬಾರದು. ಪ್ರಬಂಧದಂಥ ದೀರ್ಘ ಉತ್ತರಕ್ಕೂ ಇದೇ ಮಾತು: ಕಾರಣ ಪರಿಣಾಮಗಳ ವಿವರಣೆ ಗಟ್ಟಿಯಾಗಿದ್ದರೆ ವರ್ಷಕ್ಕೆಂದು ಮೀಸಲಿಟ್ಟ ಅಂಕ ಮಾತ್ರ ಹೋಗಬೇಕು.

ಈ ನಿಯಮಗಳನ್ನು ಉತ್ತರ ಪತ್ರಿಕೆಗಳ ಬಂಡಲ್ ಬಿಚ್ಚುವ ಮೊದಲೇ ಸ್ಕೀಮ್‌ನಲ್ಲಿ ಬರೆದಿಡಬೇಕು. ಐಹೊಳೆಯಂಥ ಕಡೆ ಒಪ್ಪಬಹುದಾದ ಎರಡೂ ವರ್ಷಗಳನ್ನು ನಮೂದಿಸಬೇಕು. ಪಕ್ಕದ ಮೇಜಿನಲ್ಲಿ ಕುಳಿತವರು ಅರ್ಧ ಅಂಕ ಕೊಟ್ಟು ನಾವು ಸೊನ್ನೆ ಹಾಕಿದರೆ, ಆ ವ್ಯತ್ಯಾಸ ವಿದ್ಯಾರ್ಥಿಯ ಓದಿನಿಂದ ಬಂದದ್ದಲ್ಲ. ಅದರ ಹೊಣೆ ನಮ್ಮದು.