ಬೀಜದೊಳಗೆ ಬಾಗಿಲಿಕ್ಕಿಕೊಳ್ಳುವ ಕಾಯಿಕೊರಕ

ಕಾಫಿ ಕಾಯಿಯಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆದರೂ ಬೆರಿ ಬೋರರ್ ಏಕೆ ಹತೋಟಿಗೆ ಬರುವುದಿಲ್ಲ ಎಂಬುದು ಮಲೆನಾಡು ಮತ್ತು ಕೊಡಗಿನ ಬೆಳೆಗಾರರು ಮೇಲಿಂದ ಮೇಲೆ ಕೇಳುವ ಪ್ರಶ್ನೆ. ಕಾಯಿಕೊರಕ ಎಂದು ಕರೆಯಲಾಗುವ ಈ ದುಂಬಿ ತನ್ನ ಆಯುಷ್ಯದ ಬಹುಪಾಲನ್ನು ಬೀಜದೊಳಗೇ ಕಳೆಯುತ್ತದೆ ಎಂಬ ಸಂಗತಿಯಲ್ಲಿಯೇ ಇದರ ಉತ್ತರವಿದೆ. ಮಧ್ಯ ಆಫ್ರಿಕಾ ಮೂಲದ ಈ ಕೀಟವನ್ನು 1867ರಲ್ಲಿ ಫೆರಾರಿ ಎಂಬ ಕೀಟಶಾಸ್ತ್ರಜ್ಞರು ಮೊದಲು ವರ್ಣಿಸಿದ್ದು ಯಾವುದೇ ತೋಟದಲ್ಲಿ ಕಂಡಲ್ಲ, ಫ್ರಾನ್ಸಿಗೆ ಮಾರಾಟಕ್ಕೆ ಬಂದಿದ್ದ ಕಾಫಿ ಬೀಜದಲ್ಲಿ ಕಂಡು. ಭಾರತದಲ್ಲಿ ಅದು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಪತ್ತೆಯಾಗಿ, ಕೆಲವೇ ವರ್ಷಗಳಲ್ಲಿ ವಯನಾಡು, ಕೊಡಗುಗಳಿಗೆ ಹಬ್ಬಿತು.

ಎರಡು ಮಿಲಿಮೀಟರಿಗಿಂತ ಚಿಕ್ಕದಾದ ಕಪ್ಪು ಹೆಣ್ಣು ದುಂಬಿ, ಕಾಯಿಯ ತುದಿಯಲ್ಲಿ ಹೂವು ಉದುರಿದ ಗುರುತಾದ ಹೊಕ್ಕುಳಿನ ಬಳಿ, ಗುಂಡುಸೂಜಿಯಿಂದ ಚುಚ್ಚಿದಂತೆ ಕಾಣುವ ತೂತು ಕೊರೆದು ಒಳನುಗ್ಗುತ್ತದೆ. ಆದರೆ ಬೀಜ ಇನ್ನೂ ಎಳೆಯದಾಗಿ ನೀರುನೀರಾಗಿದ್ದರೆ ಅದು ಮೊಟ್ಟೆಯಿಡುವುದಿಲ್ಲ. ಬೀಜದ ಒಣ ಅಂಶ ಸುಮಾರು ಶೇ. 20ನ್ನು ಮುಟ್ಟುವವರೆಗೆ ಸಿಪ್ಪೆ, ತಿರುಳುಗಳ ನಡುವಿನ ಸುರಂಗದಲ್ಲೇ ವಾರಗಟ್ಟಲೆ ಕಾದಿರುತ್ತದೆ. ಬೀಜ ಗಟ್ಟಿಯಾದ ಮೇಲೆ ಅದರೊಳಗೆ ಗೂಡು ಕೊರೆದು 30ರಿಂದ 50 ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದ ಕಾಲಿಲ್ಲದ ಬಿಳಿ ಮರಿಹುಳುಗಳು ಬೀಜವನ್ನೇ ತಿಂದು ಬೆಳೆದು, ಅಲ್ಲಿಯೇ ಕೋಶಾವಸ್ಥೆಗೆ ಹೋಗಿ, ಹವೆಯ ಉಷ್ಣಕ್ಕನುಗುಣವಾಗಿ ಸುಮಾರು ಒಂದು ತಿಂಗಳಲ್ಲಿ ದುಂಬಿಗಳಾಗುತ್ತವೆ. ಇತರ ಕೀಟಗಳಿಗೆ ವಿಷವಾಗಬಲ್ಲ ಕೆಫೀನ್ ಈ ಹುಳುವನ್ನು ಬಾಧಿಸದಿರಲು ಅದರ ಕರುಳಿನ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಹಾಕುವುದೇ ಕಾರಣವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಹೀಗೆ ಹುಟ್ಟುವವುಗಳಲ್ಲಿ ಸುಮಾರು ಹತ್ತು ಹೆಣ್ಣಿಗೆ ಒಂದು ಗಂಡು. ಗಂಡು ಗಾತ್ರದಲ್ಲಿ ಚಿಕ್ಕದು, ಹಾರಲಾರದು, ಹುಟ್ಟಿದ ಕಾಯಿಯಲ್ಲೇ ಸಾಯುತ್ತದೆ. ಹೆಣ್ಣುಗಳು ಒಡಹುಟ್ಟಿದ ಆ ಗಂಡಿನೊಡನೆ ಬೀಜದೊಳಗೇ ಕೂಡುತ್ತವೆ. ಆದ್ದರಿಂದ ಹೊರಗೆ ಬರುವ ಪ್ರತಿ ಹೆಣ್ಣೂ ಗರ್ಭ ಧರಿಸಿಯೇ ಬರುತ್ತದೆ, ಸಂಗಾತಿಯನ್ನು ಹುಡುಕುವ ಗೊಡವೆ ಅದಕ್ಕಿಲ್ಲ. ಸಂಗಾತಿಯನ್ನು ಕರೆಯುವ ವಾಸನೆಯಿಂದ ದುಂಬಿಗಳನ್ನು ಸೆಳೆದು ಕೊಲ್ಲುವ, ಬಿಳಿ ಕಾಂಡಕೊರಕ ಮೊದಲಾದ ಇತರ ಕೀಟಗಳ ವಿಷಯದಲ್ಲಿ ಯೋಚಿಸಬಹುದಾದ ಉಪಾಯವು ಇಲ್ಲಿ ನಿಷ್ಪ್ರಯೋಜಕವಾಗಲು ಇದೇ ಕಾರಣ.

ಮಳೆಗಾಲದ ನಂತರ ತೋಟದ ಸ್ಥಿತಿ ತಿಳಿಯಲು ತೂತಾದ ಕಾಯಿಗಳನ್ನು ಎಣಿಸುವುದಷ್ಟೇ ಸಾಲದು, ಅವುಗಳನ್ನು ಬ್ಲೇಡಿನಿಂದ ಸೀಳಿ ದುಂಬಿ ಎಲ್ಲಿದೆಯೆಂದು ನೋಡಬೇಕಾಗುತ್ತದೆ. ಉದಾಹರಣೆಗೆ, ತೂತಾದ 50 ಕಾಯಿಗಳನ್ನು ಸೀಳಿದಾಗ 35ರಲ್ಲಿ ದುಂಬಿ ಇನ್ನೂ ಸಿಪ್ಪೆ ಅಥವಾ ತಿರುಳಿನಲ್ಲಿದ್ದರೆ ಸಿಂಪಡಣೆಗೆ ಅರ್ಥವಿದೆ. 35ರಲ್ಲಿ ಅದು ಬೀಜ ಹೊಕ್ಕು ಬಿಳಿ ಮರಿಗಳೂ ಕಂಡರೆ ಆ ಸಿಂಪಡಣೆ ಹಣದ ಪೋಲು ಮಾತ್ರ. ಬ್ಯೂವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರಕ್ಕೂ ಇದೇ ಮಿತಿ ಅನ್ವಯಿಸುತ್ತದೆ. ಅದು ತಗುಲಿ ಸತ್ತ ದುಂಬಿ ತೂತಿನ ಬಾಯಲ್ಲಿ ಬಿಳಿ ಹತ್ತಿಯ ಎಳೆ ಅಂಟಿದಂತೆ ಕಾಣುವುದರಿಂದ ಫಲಿತಾಂಶವನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಒಂದು ಕಾಲದಲ್ಲಿ ಭರವಸೆಯಾಗಿದ್ದ ಎಂಡೋಸಲ್ಫಾನಿಗೆ ನ್ಯೂ ಕ್ಯಾಲೆಡೋನಿಯಾದ ದುಂಬಿಗಳು 1980ರ ದಶಕದಲ್ಲೇ ನಿರೋಧ ಬೆಳೆಸಿಕೊಂಡವು. ಭಾರತದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಹಿಡಿಯಿತು.

ದುಂಬಿಯ ನಿಜವಾದ ದೌರ್ಬಲ್ಯವಿರುವುದು ಕುಯ್ಲು ಮುಗಿದ ಮೇಲೆ. ಆಗ ಗಿಡದಲ್ಲಿ ಹೊಸ ಕಾಯಿಯಿರುವುದಿಲ್ಲವಾದ್ದರಿಂದ ಅವು ರೆಂಬೆಯಲ್ಲಿ ಉಳಿದ ಮತ್ತು ನೆಲಕ್ಕೆ ಉದುರಿದ ಒಣ ಕಾಯಿಗಳಲ್ಲಿ ಸೇರಿಕೊಳ್ಳುತ್ತವೆ. ಒಂದೊಂದು ಕಾಯಿಯಲ್ಲಿ ಹತ್ತಾರು ದುಂಬಿಗಳಿದ್ದು, ಹೂಮಳೆ ಬಿದ್ದು ಗಾಳಿಯಲ್ಲಿ ತೇವ ಹೆಚ್ಚಿದಾಗ ಹೊರಗೆ ಹಾರುತ್ತವೆ. ಮೆಥನಾಲ್ ಮತ್ತು ಎಥನಾಲ್ ಮಿಶ್ರಣವಿಟ್ಟ ಕೆಂಪು ಬಲೆಗಳು ಹಾರಾಟದ ಈ ಅವಧಿಯಲ್ಲಿ ಅವುಗಳನ್ನು ಹಿಡಿಯುತ್ತವೆ ಮತ್ತು ಹಾರಾಟ ಯಾವಾಗ ಆರಂಭವಾಯಿತೆಂದು ತಿಳಿಸುತ್ತವೆ. ಆದರೆ ಬಲೆಗಳಿಂದಲೇ ತೋಟ ಶುದ್ಧವಾಗುತ್ತದೆಂಬ ಪ್ರಚಾರವನ್ನು ನಂಬಲಾಗದು, ಏಕೆಂದರೆ ಕಾಯಿಯೊಳಗೆ ಕುಳಿತ ದುಂಬಿಗೆ ಬಲೆಯ ಸೆಳೆತವಿಲ್ಲ. ಅರೇಬಿಕಾದ ಬಳಿಯಲ್ಲೇ ತಡವಾಗಿ ಹಣ್ಣಾಗುವ ರೊಬಸ್ಟಾ ಇರುವ ತೋಟಗಳಲ್ಲಿ ದುಂಬಿ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುವುದರಿಂದ ಅಪಾಯ ಇನ್ನೂ ಹೆಚ್ಚು.

ಕೊಯ್ಯುವಾಗ ಗಿಡದಡಿ ಹಾಸು ಹಾಕುವುದು, ಕೊನೆಯ ಕುಯ್ಲಿನಲ್ಲಿ ಒಂದು ಕಾಯಿಯನ್ನೂ ಬಿಡದೆ ಬಿಡಿಸುವುದು, ಉದುರುಗಾಯಿ ಆರಿಸುವುದು, ತೂತಾದವನ್ನು ಎರಡು ಮೂರು ನಿಮಿಷ ಕುದಿನೀರಿನಲ್ಲಿ ಅದ್ದುವುದು, ಅರೇಬಿಕಾ ಪಾರ್ಚ್‌ಮೆಂಟನ್ನು ಶೇ. 10, ರೊಬಸ್ಟಾ ಚೆರಿಯನ್ನು ಶೇ. 11 ತೇವಾಂಶದವರೆಗೆ ಕಣದಲ್ಲಿ ಒಣಗಿಸುವುದು, ಇವೆಲ್ಲ ಕೂಲಿಯಾಳು ಸಿಗದ ಕಾಲದಲ್ಲಿ ಭಾರವಾಗಿ ತೋರುತ್ತವೆ. ಆದರೆ ಒಂದು ಒಣಕಾಯಿಯಲ್ಲಿ ಉಳಿದ ಒಂದೇ ಹೆಣ್ಣು ಮುಂದಿನ ಬೆಳೆಯಲ್ಲಿ 30 ಮೊಟ್ಟೆಯಿಟ್ಟರೂ ಅವುಗಳಲ್ಲಿ ಸುಮಾರು 27 ಹೆಣ್ಣುಗಳೇ ಆಗಿರುವುದರಿಂದ, ಬೆಳೆಗಾರರು ಆಳುಗಳ ಖರ್ಚನ್ನು ಮೊದಲು ಹೂಮಳೆಗೆ ಮುಂಚಿನ ಉದುರುಗಾಯಿ ಆಯುವಿಕೆಗೂ, ಉಳಿದದ್ದನ್ನು ಔಷಧಿಗೂ ಮೀಸಲಿಡುವುದು ಒಳ್ಳೆಯದು.