ಹುಡುಕುವವರ ಮಾತು, ಮಾರುವವರ ಬರಹ

ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುವವರ ಪುಟಗಳನ್ನು ಸ್ವಲ್ಪ ಹೊತ್ತು ನೋಡಿದರೂ ಸಾಕು, ಒಂದೇ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: "ಹೊಸ ಸ್ಟಾಕ್ ಬಂದಿದೆ, ಬೆಲೆಗೆ ಡಿಎಂ ಮಾಡಿ." ಮೇಲಿನ ಫೋಟೊದಲ್ಲಿ ಕೆಂಪು ಸೆರಗಿನ ಚೆಂದದ ಇಳಕಲ್ ಸೀರೆ. ನೋಡಿದವರಿಗೆ ಅದು ಇಳಕಲ್ ಎಂದು ಬೇರೆ ಹೇಳಬೇಕಿಲ್ಲ. ಆದರೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಸರ್ಚ್‌ನಲ್ಲಿ ilkal saree ಎಂದು ಒತ್ತುವವರು ಆ ಫೋಟೊವನ್ನು ಇನ್ನೂ ನೋಡಿಯೇ ಇಲ್ಲ. ಅವರ ಕೈಯಲ್ಲಿರುವುದು ಎರಡು ಪದ ಮಾತ್ರ. ಆ ಎರಡು ಪದ ಈ ಕ್ಯಾಪ್ಷನ್ನಿನಲ್ಲಿ ಎಲ್ಲಿಯೂ ಇಲ್ಲ.

ಹಿಂದೆ ಇಂಥ ಕೆಲಸವನ್ನೆಲ್ಲ ಹ್ಯಾಷ್‌ಟ್ಯಾಗ್ ಮಾಡುತ್ತಿತ್ತು. ಟ್ಯಾಗ್ ಹಾಕದ ಪೋಸ್ಟ್ ಹುಡುಕಾಟದಲ್ಲಿ ಸಿಗುವುದು ಕಷ್ಟವಾಗಿತ್ತು. 2020ರ ನವೆಂಬರಿನಲ್ಲಿ ಇನ್‌ಸ್ಟಾಗ್ರಾಂ ಅಮೆರಿಕ, ಬ್ರಿಟನ್ ಮುಂತಾದ ಆರು ದೇಶಗಳ ಇಂಗ್ಲಿಷ್ ಬಳಕೆದಾರರಿಗೆ ಸಾಮಾನ್ಯ ಪದಗಳಿಂದಲೇ ಹುಡುಕುವ ಸೌಲಭ್ಯ ಕೊಟ್ಟಿತು. ಮರುವರ್ಷದ ಆಗಸ್ಟಿನಲ್ಲಿ ಕಂಪನಿಯ ಮುಖ್ಯಸ್ಥ ಆಡಂ ಮೊಸೆರಿ, ಸರ್ಚ್ ಹೇಗೆ ನಡೆಯುತ್ತದೆ ಎಂದು ವಿವರಿಸಿ ಬರೆದರು. ಹುಡುಕುವವರು ಒತ್ತಿದ ಪದವೇ ಎಲ್ಲಕ್ಕಿಂತ ಮುಖ್ಯ. ಅದನ್ನು ಖಾತೆಯ ಹೆಸರು, ಪರಿಚಯದ ಸಾಲು, ಕ್ಯಾಪ್ಷನ್, ಹ್ಯಾಷ್‌ಟ್ಯಾಗ್, ಸ್ಥಳ ಇವುಗಳ ಜೊತೆ ತಾಳೆ ನೋಡುತ್ತೇವೆ ಎಂಬುದು ಅದರ ಸಾರ. ಕೀವರ್ಡನ್ನು ಕಾಮೆಂಟಿನಲ್ಲಿ ಹಾಕಬೇಡಿ, ಕ್ಯಾಪ್ಷನ್ನಿನಲ್ಲೇ ಹಾಕಿ ಎಂಬ ಸಲಹೆಯೂ ಅದರಲ್ಲಿತ್ತು. ಟ್ಯಾಗುಗಳನ್ನು ಮೊದಲ ಕಾಮೆಂಟಿಗೆ ತಳ್ಳುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

2025ರ ಜುಲೈಯಿಂದ ಇನ್ನೊಂದು ಬಾಗಿಲು ತೆರೆದಿದೆ. ವಯಸ್ಕರ ವೃತ್ತಿಪರ ಖಾತೆಗಳ ಸಾರ್ವಜನಿಕ ಫೋಟೊ, ವಿಡಿಯೊಗಳು ಗೂಗಲ್‌ನಂಥ ಸರ್ಚ್ ಎಂಜಿನ್‌ಗಳಲ್ಲೂ ಕಾಣಿಸಿಕೊಳ್ಳಬಹುದು. ಇನ್‌ಸ್ಟಾಗ್ರಾಂ ಖಾತೆಯೇ ಇಲ್ಲದವರಿಗೂ ನಿಮ್ಮ ಕ್ಯಾಪ್ಷನ್ ಸಿಗಬಹುದು ಎಂದರ್ಥ. ಬೇಡವೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಇದನ್ನು ನಿಲ್ಲಿಸಬಹುದು.

ಪದಗಳು ಸಿಗುವುದೆಲ್ಲಿ?

ಕೀವರ್ಡ್ ಎಂದರೆ ಗಿರಾಕಿಯ ಬಾಯಲ್ಲಿರುವ ಪದ. ಅಂಗಡಿಯವರ ಬಾಯಲ್ಲಿರುವುದೂ ಅದೇ ಆಗಿರುತ್ತದೆಂದು ಹೇಳುವಂತಿಲ್ಲ. ಇಳಕಲ್ಲಿನಲ್ಲಿ ವ್ಯಾಪಾರ ಮಾಡುವವರು "ಗೋಮಿ ದಡಿ" ಎಂದರೆ ಸಾಕು, ಅಂಚು ಹೇಗಿದೆಯೆಂದು ಎದುರಿನವರಿಗೆ ಗೊತ್ತಾಗುತ್ತದೆ. ದೂರದ ಊರಿನ ಹುಡುಗಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ಅವಳು ಹುಡುಕುವುದು ಬಟ್ಟೆ, ಬಣ್ಣ ಮತ್ತು ಸಂದರ್ಭದ ಮೂಲಕ: ಕಾಟನ್ ಇಳಕಲ್, ಹಸಿರು ಇಳಕಲ್, ಕಸೂತಿ ಹಾಕಿದ್ದು, ಸೀಮಂತಕ್ಕೆ ಸೀರೆ. ಕಸುಬಿನ ಹೆಸರನ್ನು ಬಿಡಬೇಕಿಲ್ಲ, ತಿಳಿದು ಹುಡುಕುವವರಿಗೆ ಅದೇ ಬೇಕು. ಅದರ ಪಕ್ಕದಲ್ಲಿ ಗಿರಾಕಿಯ ಪದವೂ ಇರಬೇಕು, ಅಷ್ಟೆ.

ಆ ಪದಗಳನ್ನು ಊಹಿಸುತ್ತ ಕೂರಬೇಕಿಲ್ಲ. ಸರ್ಚ್‌ನಲ್ಲಿ ilkal ಎಂದು ಒತ್ತಿ ನಿಲ್ಲಿಸಿ, ಕೆಳಗೆ ಸಾಲಾಗಿ ಸಲಹೆಗಳು ಇಳಿಯುತ್ತವೆ. ಅವನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಖಾತೆಯ ಹಿಂದಿನ ಓಡಾಟವೂ ಆ ಸಲಹೆಗಳಲ್ಲಿ ಬೆರೆತಿರುತ್ತದೆ, ಆದ್ದರಿಂದ ಮನೆಯಲ್ಲಿ ಬೇರೊಬ್ಬರ ಫೋನಿನಲ್ಲೂ ಒಮ್ಮೆ ನೋಡುವುದು ಒಳ್ಳೆಯದು. ಇನ್ನೂ ಒಳ್ಳೆಯ ಗಣಿ ನಿಮ್ಮ ಇನ್‌ಬಾಕ್ಸ್. "ಅಕ್ಕಾ, ಇದು ಪ್ಯೂರ್ ಕಾಟನ್ನಾ?", "ಜೊತೆಗೆ ಖಣ ಬ್ಲೌಸ್ ಪೀಸ್ ಬರುತ್ತಾ?" ಎಂದು ಹತ್ತು ಜನ ಕೇಳಿದ್ದರೆ, ಕೇಳದೆ ಹುಡುಕಿ ಸುಮ್ಮನೆ ಹೋದವರು ಅದಕ್ಕಿಂತ ಹೆಚ್ಚು ಇರುತ್ತಾರೆ. ಪ್ರಶ್ನೆಯಲ್ಲಿರುವ ಪದವೇ ನಾಳಿನ ಕ್ಯಾಪ್ಷನ್ನಿನ ಪದ.

ಒಂದು ಸೀರೆ, ಎರಡು ಕ್ಯಾಪ್ಷನ್

ಹಸಿರು ಒಡಲಿನ ಒಂದು ಇಳಕಲ್ ಸೀರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹುಡುಕಾಟದ ವಿಷಯ ಕೇಳಿ ತಿಳಿದವರು ಮೊದಲು ಮಾಡುವ ಪ್ರಯತ್ನ ಹೀಗಿರುತ್ತದೆ:

"Ilkal saree, best Ilkal saree, Ilkal saree online, Ilkal silk saree, Ilkal cotton saree, Ilkal saree low price. ಬೆಲೆಗೆ ಡಿಎಂ ಮಾಡಿ."

ಇದರಲ್ಲಿ ಪದಗಳೇನೋ ಇವೆ, ಮಾಹಿತಿ ಇಲ್ಲ. ಸೀರೆ ಸಿಲ್ಕೋ ಕಾಟನ್ನೋ ಎಂಬುದೇ ತಿಳಿಯದು. ಬಂದವರು ಓದಿ ಮುಂದೆ ಹೋಗುತ್ತಾರೆ. ಫಲಿತಾಂಶದ ಸಾಲಿನಲ್ಲಿ ಯಾವುದನ್ನು ಮೇಲಿಡಬೇಕೆಂದು ನಿರ್ಧರಿಸುವಾಗ ಜನ ಅದನ್ನು ಒತ್ತಿದರೇ, ಮೆಚ್ಚಿದರೇ, ಹಂಚಿದರೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬಂದವರನ್ನು ಓಡಿಸುವ ಕ್ಯಾಪ್ಷನ್ ತನ್ನ ಜಾಗವನ್ನು ತಾನೇ ಕಳೆದುಕೊಳ್ಳುತ್ತದೆ. ಅದೇ ಸೀರೆಗೆ ಇನ್ನೊಂದು ಕ್ಯಾಪ್ಷನ್ ನೋಡಿ:

"ಹಸಿರು ಇಳಕಲ್ ಸೀರೆ, ಕಾಟನ್ ಒಡಲು, ಕೆಂಪು ರೇಷ್ಮೆ ಸೆರಗು. ಅಂಚಿಗೆ ಗೋಮಿ ದಡಿ. ಕೈಮಗ್ಗದಲ್ಲಿ ನೇಯ್ದದ್ದು. ಸೆರಗಿನ ಹತ್ತಿರ ಕೈಯಿಂದ ಹಾಕಿದ ಕಸೂತಿ: ಗೋಪುರ, ತೇರು, ಆನೆ. ಸೀಮಂತಕ್ಕೂ ಹಬ್ಬಕ್ಕೂ ಒಪ್ಪುತ್ತದೆ. ಬ್ಲೌಸಿಗೆ ಗುಳೇದಗುಡ್ಡದ ಖಣ ಬೇಕಿದ್ದರೆ ತಿಳಿಸಿ. Green cotton Ilkal saree with silk pallu and hand Kasuti embroidery, handwoven in Ilkal, Bagalkot."

ಇಲ್ಲಿ ಯಾವ ಪದವೂ ಸುಮ್ಮನೆ ಬಂದು ಕೂತಿಲ್ಲ. ಬಣ್ಣ, ಬಟ್ಟೆ, ಕೆಲಸ, ಊರು, ಸಂದರ್ಭ ಒಂದೊಂದೂ ಕೊಳ್ಳುವವರ ಒಂದೊಂದು ಪ್ರಶ್ನೆಗೆ ಉತ್ತರ, ಅದೇ ಕಾರಣಕ್ಕೆ ಒಂದೊಂದು ಹುಡುಕಾಟದ ಪದವೂ ಹೌದು. "ಇಳಕಲ್ ಸೀರೆ" ಮೊದಲ ಸಾಲಿನಲ್ಲೇ ಇದೆ, ಏಕೆಂದರೆ ಕ್ಯಾಪ್ಷನ್ನಿಗೆ 2,200 ಅಕ್ಷರಗಳ ಅವಕಾಶವಿದ್ದರೂ ಪರದೆಯ ಮೇಲೆ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದು more ಒತ್ತಿದವರಿಗೆ. ಕೊನೆಗೆ ಮೂರರಿಂದ ಐದು ಹ್ಯಾಷ್‌ಟ್ಯಾಗ್ ಸೇರಿಸಿದರೆ ಸಾಕು. #love, #instagood ಮುಂತಾದವು ಈ ಸೀರೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇಳಕಲ್ಲಿನ ಒಡಲು ಹತ್ತಿಯದೂ ಇರುತ್ತದೆ, ರೇಷ್ಮೆಯದೂ ಇರುತ್ತದೆ, ಕೃತಕ ರೇಷ್ಮೆಯದೂ ಇರುತ್ತದೆ. ಮಗ್ಗದಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುವುದು ಈ ನೇಯ್ಗೆಯ ವಿಶೇಷ. ಹೆಚ್ಚು ಜನ ಹುಡುಕುತ್ತಾರೆಂದು ಕೃತಕ ರೇಷ್ಮೆಗೆ pure silk ಎಂದೋ ಪವರ್‌ಲೂಮ್ ಸೀರೆಗೆ handloom ಎಂದೋ ಬರೆದರೆ ಜನ ಬರುತ್ತಾರೆ, ಜೊತೆಗೆ ವಾಪಸಾತಿಯ ಜಗಳವೂ ಬರುತ್ತದೆ. ಕ್ಯಾಪ್ಷನ್ನಿನ ಪ್ರತಿ ಕೀವರ್ಡ್ ಗಿರಾಕಿಗೆ ಕೊಟ್ಟ ಮಾತು.

ಕನ್ನಡದಲ್ಲಿ ಬರೆಯುವವರ ತೊಡಕುಗಳು

ಕನ್ನಡದ ಗಿರಾಕಿಗಳಲ್ಲಿ ಎಷ್ಟೋ ಜನ ಮಾತಾಡುವುದು ಕನ್ನಡ, ಸರ್ಚ್‌ನಲ್ಲಿ ಒತ್ತುವುದು ಇಂಗ್ಲಿಷ್ ಅಕ್ಷರ. ಅದರಲ್ಲೂ ಒಬ್ಬರು Ilkal ಎಂದು ಬರೆದರೆ ಇನ್ನೊಬ್ಬರು Ilakal, ಒಬ್ಬರು saree, ಇನ್ನೊಬ್ಬರು sari. ಎಲ್ಲ ರೂಪಗಳನ್ನೂ ಒಂದೇ ಕ್ಯಾಪ್ಷನ್ನಿನಲ್ಲಿ ತುರುಕಿದರೆ ಮತ್ತೆ ಆ ಮೊದಲ ಉದಾಹರಣೆಯೇ ಆಗುತ್ತದೆ. ಕನ್ನಡದಲ್ಲಿ ನಾಲ್ಕು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು ಎಂದು ಇಟ್ಟುಕೊಂಡರೆ ಎರಡೂ ಲಿಪಿಯವರಿಗೆ ದಾರಿಯಾಗುತ್ತದೆ. ಉಳಿದ ರೂಪಗಳನ್ನು ಬೇರೆ ಬೇರೆ ಪೋಸ್ಟುಗಳಿಗೆ ಹಂಚಬಹುದು.

ನಮ್ಮ ವಾಕ್ಯದಲ್ಲಿ ಪದ ಒಂಟಿಯಾಗಿ ನಿಲ್ಲುವುದು ಕಡಿಮೆ. "ಇಳಕಲ್ಲಿನಿಂದ ಸೀರೆಗಳನ್ನು ತರಿಸಿದ್ದೇವೆ" ಎಂದು ಬರೆದರೆ ಓದುವವರಿಗೆ ಅದು ಇಳಕಲ್ ಸೀರೆಯೇ. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಯಂತ್ರಕ್ಕೆ ಹಾಗೆ ಹೊಳೆಯುತ್ತದೆಂದು ನಂಬಿ ಕೂರುವಂತಿಲ್ಲ. ಜನ ಹುಡುಕುವಾಗ ವಿಭಕ್ತಿ ಸೇರಿಸಿ ಬರೆಯುವುದಿಲ್ಲ. ಹಾಗಾಗಿ ಮುಖ್ಯ ಪದ ಒಮ್ಮೆಯಾದರೂ ಪ್ರತ್ಯಯವಿಲ್ಲದೆ, ಇದ್ದ ಹಾಗೇ ಬರಬೇಕು.

ಕಣ್ಣಿಗೆ ಕಾಣದ ತಪ್ಪುಗಳೂ ಇವೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಅಂಟಿಸಿದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ, ಯುನಿಕೋಡಿಗೆ ಬದಲಿಸಿಯೇ ಹಾಕಬೇಕು. ಇಂಗ್ಲಿಷ್ ಹೆಸರನ್ನು ಬಳ್ಳಿಯಂತೆ ಬಳುಕುವ ಅಲಂಕಾರದ ಅಕ್ಷರದಲ್ಲಿ ಕೊಡುವ ಆ್ಯಪ್‌ಗಳು ಬಳಸುವುದು ಗಣಿತದ ಚಿಹ್ನೆಗಳನ್ನು. ನೋಡಲು ಅದು Ilkal, ಒಳಗಿನ ಸಂಕೇತ ಬೇರೆ. ಹುಡುಕಾಟಕ್ಕೆ ಸಿಗದೆ ಹೋಗಬಹುದು. ಕಣ್ಣು ಕಾಣದವರು ಬಳಸುವ ಓದುವ ತಂತ್ರಾಂಶಕ್ಕೂ ಅದು ತೊಡಕು. ಸೀರೆಯ ಹೆಸರು, ವಿವರವನ್ನೆಲ್ಲ ಪೋಸ್ಟರಿನ ಮೇಲೆ ಚೆಂದವಾಗಿ ಬರೆದು ಕ್ಯಾಪ್ಷನ್ ಖಾಲಿ ಬಿಡುವವರೂ ಇದ್ದಾರೆ. ಚಿತ್ರದೊಳಗಿನ ಬರಹ ಕ್ಯಾಪ್ಷನ್ನಿನ ಕೆಲಸ ಮಾಡುತ್ತದೆಂದು ನೆಚ್ಚಿಕೊಳ್ಳಬಾರದು. ಅದನ್ನೇ ಕೆಳಗೆ ಇನ್ನೊಮ್ಮೆ ಟೈಪ್ ಮಾಡಿ.

ಫಲ ಕೊಟ್ಟಿತೇ?

ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆಯಲ್ಲಿ ಪ್ರತಿ ಪೋಸ್ಟಿನ ಕೆಳಗೆ ಅಂಕಿಅಂಶ ಸಿಗುತ್ತದೆ. ನಿಮ್ಮನ್ನು ಹಿಂಬಾಲಿಸದವರು ಎಷ್ಟು ಮಂದಿ ನೋಡಿದ್ದಾರೆ ಎಂಬುದನ್ನು ಗಮನಿಸಿ. ಅವರೆಲ್ಲ ಸರ್ಚ್ ಮೂಲಕವೇ ಬಂದವರಲ್ಲ, ಆದ್ದರಿಂದ ಇದು ಪೂರ್ತಿ ಸಾಕ್ಷಿಯಲ್ಲ. ಯೂಟ್ಯೂಬ್ ಈ ವಿಷಯದಲ್ಲಿ ಉದಾರಿ. ಸೀರೆಯ ಒಂದು ವಿಡಿಯೊ ಅಲ್ಲಿಯೂ ಹಾಕಿದ್ದರೆ, ಯೂಟ್ಯೂಬ್ ಸ್ಟುಡಿಯೊ ಒಳಗೆ ವೀಕ್ಷಕರು ಎಲ್ಲಿಂದ ಬಂದರು ಎಂಬ ಭಾಗದಲ್ಲಿ ಯೂಟ್ಯೂಬ್ ಸರ್ಚ್ ಎಂಬುದನ್ನು ತೆರೆಯಿರಿ. ಜನ ಯಾವ ಪದ ಒತ್ತಿ ನಿಮ್ಮಲ್ಲಿಗೆ ಬಂದರು ಎಂಬ ಪಟ್ಟಿಯೇ ಅಲ್ಲಿರುತ್ತದೆ. ನೀವು ಬರೆಯದ ಪದವೊಂದು ಅದರಲ್ಲಿ ಕಂಡರೆ ಮುಂದಿನ ಕ್ಯಾಪ್ಷನ್ನಿಗೆ ಸೇರಿಸಿಕೊಳ್ಳಿ. ಯೂಟ್ಯೂಬಿನಲ್ಲಿ ಶೀರ್ಷಿಕೆಗೆ 100 ಅಕ್ಷರ, ವಿವರಣೆಗೆ 5,000 ಅಕ್ಷರಗಳ ಮಿತಿ ಇದೆ. 60ಕ್ಕಿಂತ ಹೆಚ್ಚು ಹ್ಯಾಷ್‌ಟ್ಯಾಗ್ ಹಾಕಿದರೆ ಅದು ಎಲ್ಲವನ್ನೂ ಕಡೆಗಣಿಸುತ್ತದೆ.

ಪದ ಸರಿಯಿದ್ದ ಮಾತ್ರಕ್ಕೆ ಪೋಸ್ಟ್ ಮೊದಲ ಸಾಲಿಗೆ ಬರುವುದಿಲ್ಲ. Ilkal saree ಎಂಬಲ್ಲಿ ದೊಡ್ಡ ಅಂಗಡಿಗಳ ಸಾವಿರಾರು ಪೋಸ್ಟುಗಳ ಜೊತೆ ಸ್ಪರ್ಧೆ. "ಕಸೂತಿ ಹಾಕಿದ ಹಸಿರು ಕಾಟನ್ ಇಳಕಲ್" ಎಂದು ಹುಡುಕುವವರು ಕಡಿಮೆ, ಅಲ್ಲಿ ಸ್ಪರ್ಧೆಯೂ ಕಡಿಮೆ, ಹಾಗೆ ಬಂದವರು ಕೊಳ್ಳುವ ಮನಸ್ಸಿಟ್ಟುಕೊಂಡೇ ಬಂದಿರುತ್ತಾರೆ. ಸಣ್ಣ ವ್ಯಾಪಾರಿಗೆ ವಿವರವೇ ಬಲ. ಖಾತೆಯ ಹೆಸರಿನ ಜಾಗದಲ್ಲೂ ಬರೀ "ಕ್ರಿಯೇಷನ್ಸ್" ಎಂದಿದ್ದರೆ ಪಕ್ಕದಲ್ಲಿ Ilkal saree ಎಂದು ಸೇರಿಸಿ, ಅದೂ ಹುಡುಕಾಟದಲ್ಲಿ ಲೆಕ್ಕಕ್ಕೆ ಬರುತ್ತದೆ.

ಇದಕ್ಕೆಲ್ಲ ಹೊಸ ಸೀರೆ ಬರಲೆಂದು ಕಾಯಬೇಕಿಲ್ಲ. ಹಾಕಿದ ಫೋಟೊವನ್ನು ಬದಲಿಸಲು ಆಗದಿದ್ದರೂ ಕ್ಯಾಪ್ಷನ್ನನ್ನು ಯಾವಾಗ ಬೇಕಾದರೂ ತಿದ್ದಬಹುದು. ಇನ್ನೂ ಮಾರಾಟಕ್ಕಿರುವ ಹಳೆಯ ಪೋಸ್ಟುಗಳಲ್ಲಿ ಐದನ್ನು ಆರಿಸಿ, "ಬೆಲೆಗೆ ಡಿಎಂ ಮಾಡಿ" ಎನ್ನುವುದರ ಮೇಲೆ ಆ ಸೀರೆಯ ಹೆಸರು, ಬಟ್ಟೆ, ಬಣ್ಣ, ಕೆಲಸ, ಊರು ಬರೆಯಿರಿ. ಉಳಿದ ಐದನ್ನು ಮುಟ್ಟದೆ ಬಿಡಿ. ಕೆಲವು ವಾರ ಬಿಟ್ಟು ಎರಡೂ ಗುಂಪಿನ ಅಂಕಿಗಳನ್ನು ಹೋಲಿಸಿದರೆ ಹೊಸ ಕ್ಯಾಪ್ಷನ್ ಫಲ ಕೊಡುತ್ತಿದೆಯೇ ಎಂಬ ಅಂದಾಜು ನಿಮಗೇ ಸಿಗುತ್ತದೆ.