ಬಿಗಿಯದ ಹೊಲಿಗೆ

ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ, ಮೊಳೆಗೆ ಸಿಕ್ಕಿ ತೂತಾದ ಉಣ್ಣೆಯ ಷರಾಯಿಯೊಂದನ್ನು ಹಿಡಿದು ವೃದ್ಧ ರಫೂಗಾರರೊಬ್ಬರ ಎದುರು ಕುಳಿತಿದ್ದ ನನ್ನ ಗಮನವನ್ನು ಸೆಳೆದುದು, ಅವರ ಸೂಜಿಡಬ್ಬಿಯಲ್ಲಿದ್ದ ಒಂದು ಸುಟ್ಟ ಬೆಂಕಿಕಡ್ಡಿ. ಅದೇಕೆಂದು ಕೇಳಿದೆ. “ಗುಂಡಿ ಹಾಕೋಕೆ ಸಾರ್” ಎಂದು, ಷರಾಯಿಯನ್ನು ಬದಿಗಿರಿಸಿ, ಕೋಟೊಂದನ್ನು ಎತ್ತಿಕೊಂಡು ತೋರಿಸಿಯೇಬಿಟ್ಟರು.

ಗುಂಡಿಯ ಮೇಲೆ ಕಡ್ಡಿಯನ್ನಿಟ್ಟು, ಜೋಡಿ ನೂಲು ಆ ಕಡ್ಡಿಯನ್ನು ಬಳಸಿಕೊಂಡೇ ಹೋಗುವಂತೆ, ಎದುರುಬದುರಿನ ಒಂದೊಂದು ಜೊತೆ ತೂತಿನಲ್ಲಿ ಮೂರು ಬಾರಿ ಸೂಜಿಯನ್ನು ಹಾಯಿಸಿದರು. ಅನಂತರ ಕಡ್ಡಿಯನ್ನು ಸೆಳೆದು, ಗುಂಡಿಯನ್ನು ಮೇಲಕ್ಕೆತ್ತಿ, ಅದರ ಕೆಳಗೆ ಸಡಿಲವಾಗಿ ಉಳಿದ ಎಳೆಗಳ ಸುತ್ತ ಅದೇ ನೂಲನ್ನು ಐದಾರು ಸುತ್ತು ಸುತ್ತಿ, ಬಟ್ಟೆಯ ಹಿಂಬದಿಯಲ್ಲಿ ಭದ್ರಪಡಿಸಿದರು. ಹೀಗೆ ಗುಂಡಿಗೊಂದು ಕೊರಳು ಮೂಡಿತು. ಗುಂಡಿ ಹಾಕಿದಾಗ ಕಾಜದ ದಪ್ಪವೆಲ್ಲ ಆ ಕೊರಳಿನ ಸುತ್ತ ಕೂರಬೇಕು. ಕೊರಳಿಲ್ಲದೆ ಬಟ್ಟೆಗೆ ಅಂಟಿದಂತೆ ಹೊಲಿದರೆ ಬಟ್ಟೆ ಸುಕ್ಕುಗಟ್ಟುತ್ತದೆ, ಎಳೆತವೆಲ್ಲ ನೂಲಿನ ಮೇಲೆ ಬಿದ್ದು, ಅದು ಗುಂಡಿಯ ತೂತಿನ ಅಂಚಿಗೆ ಉಜ್ಜಿ ಸವೆಯುತ್ತದೆ. ಆದ್ದರಿಂದ ತೆಳುವಾದ ಅಂಗಿಗೆ ಗಿಡ್ಡ ಕೊರಳು ಸಾಕು, ದಪ್ಪ ಕೋಟಿಗೆ ನೀಳವಾದದ್ದು ಬೇಕು. ಅಂಗಡಿಯಿಂದ ತಂದ ಹೊಸ ಅಂಗಿಗಳ ಗುಂಡಿಗಳು ಬೇಗನೆ ಉದುರುವುದಕ್ಕೆ ನೂಲಿನ ದೌರ್ಬಲ್ಯಕ್ಕಿಂತ ಯಂತ್ರದ ಈ ಅತಿಬಿಗಿತವೇ ಹೆಚ್ಚು ಕಾರಣವೆಂದು ನನಗೀಗ ಬಲವಾದ ಸಂಶಯ.

ರಫೂವಿನಲ್ಲಿಯೂ ಇದೇ ನ್ಯಾಯ. ಷರಾಯಿಯ ಒಳಮಡಿಕೆಯಿಂದಲೇ ಎಳೆಗಳನ್ನು ಬಿಡಿಸಿಕೊಂಡು, ತೂತಿನಾಚೆ ಕಾಲು ಇಂಚಿನಷ್ಟು ಗಟ್ಟಿ ಬಟ್ಟೆಯಿಂದ ಆರಂಭಿಸಿ, ಮೊದಲು ಹಾಸನ್ನು ಎಳೆದು, ಬಳಿಕ ಅದರ ಮೇಲೊಂದು ಕೆಳಗೊಂದಾಗಿ ಹೊಕ್ಕನ್ನು ಹೆಣೆದರು. ಸಾಲುಗಳ ತುದಿಗಳನ್ನು ಒಂದೇ ಗೆರೆಯಲ್ಲಿ ನಿಲ್ಲಿಸಲಿಲ್ಲ, ಏಕೆಂದರೆ ಎಳೆತವೆಲ್ಲ ಒಂದೇ ಎಳೆಯ ಮೇಲೆ ಬಿದ್ದರೆ ಹೊಸ ಹರಕಿಗೆ ಅದೇ ದಾರಿ. ಪ್ರತಿ ತಿರುವಿನಲ್ಲಿಯೂ ಕಿರಿದಾದ ಕುಣಿಕೆಯೊಂದನ್ನು ಬಿಟ್ಟರು; ಒಗೆದಾಗ ನೂಲು ಕುಗ್ಗಿದರೂ ಬಟ್ಟೆ ಮುದುಡದಿರಲೆಂದು. ಕಾಲಿನ ಅಂಚು ಬಿಚ್ಚಿದಲ್ಲಿ ಹೊರಬಟ್ಟೆಯ ಒಂದೆರಡು ಎಳೆಗಳನ್ನಷ್ಟೇ ಸೂಜಿಯ ಮೊನೆಯಿಂದ ಹಿಡಿದು, ನೂಲನ್ನು ಜಗ್ಗದೆ ಮುಂದುವರಿಸಿದರು.

ಈ ವಿದ್ಯೆಯ ಇತಿಹಾಸ ದೀರ್ಘವಾದದ್ದು. ಕಾಶ್ಮೀರಿ ಶಾಲುಗಳನ್ನು ದುರಸ್ತಿ ಮಾಡುವ ರಫೂಗಾರ ಮನೆತನಗಳಿಗೆ ಉತ್ತರಪ್ರದೇಶದ ನಜೀಬಾಬಾದು ಹೆಸರಾದುದು. ಯುದ್ಧಕಾಲದ ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರವಿದ್ದಾಗ, 1943ರಲ್ಲಿ ಸರ್ಕಾರವೇ ಹೊಲಿದುಡುವ ಕ್ರಮವನ್ನು ಬೋಧಿಸುವ ಕೈಪಿಡಿಯನ್ನು ಹೊರತಂದಿತು.

ಆದರೆ ಎಲ್ಲ ತೂತಿಗೂ ರಫೂ ಸಲ್ಲದು. ಮೊಳೆಯೋ ಕಿಡಿಯೋ ಮಾಡಿದ ತೂತಿನ ಸುತ್ತ ಬಟ್ಟೆ ಗಟ್ಟಿಯಾಗಿರುತ್ತದೆ. ಮೊಣಕೈ ಸವೆದು ಬಿದ್ದ ತೂತಿನ ಸುತ್ತ ಹಾಗಲ್ಲ. ಅಂತಹ ಅಂಗಿಯೊಂದನ್ನು ಅವರು ಬೆಳಕಿಗೆ ಹಿಡಿದು, ತೂತಿನ ಸುತ್ತಲೂ ಬೆಳಕು ಜರಡಿಯಲ್ಲಿಯಂತೆ ಸೋಸಿ ಬರುವುದನ್ನು ಅದರ ಒಡೆಯನಿಗೆ ತೋರಿಸಿದರು. “ಇಲ್ಲಿ ನನ್ನ ನೂಲು ನಿಲ್ಲುತ್ತೆ, ನಿಮ್ಮ ಬಟ್ಟೆ ನಿಲ್ಲೋಲ್ಲ. ತೇಪೆ ಹಾಕಿಸಿಕೊಳ್ಳಿ” ಎಂದು ಹೇಳಿ, ಬಂದ ಕೆಲಸವನ್ನು ಹಿಂದಿರುಗಿಸಿದರು.